ಧಾರವಾಡದಲ್ಲಿ ಕರೆಂಟೂ ಇಲ್ಲ, ನೆಟ್ಟೂ ಇಲ್ಲ, ಫೋನ್ ಮಾಡಿ

ಎಲ್ಲರಿಗೂ, ಇದನ್ನು ಫೋನಿನಿಂದ ಬರೆಯುತ್ತಿದ್ದೇನೆ, ನಿಮಗೆ ತಲುಪುವುದೂ ತಡವಾಗಬಹುದು.

ಮಾಳಮಡ್ಡಿಯಲ್ಲಿ 2.20ಕ್ಕೆ ಗಾಳಿ-ಗುಡುಗಿನ ಜೊತೆ ಅಡ್ಡಮಳೆ ಹೊಡೆಯಿತು. ನಮ್ಮ ಓಣಿಯ ತುದಿಯ ಬೇವಿನ ಮರದ ದೊಡ್ಡ ಟೊಂಗೆ ಮುರಿದು ತಂತಿ ಮೇಲೆ ಬಿದ್ದಿದೆ. ಅದೇ ಕಂಬದಲ್ಲಿ ಬರುವ ಫೈಬರ್ ಕೇಬಲ್ಲೂ ಕಿತ್ತು ರಸ್ತೆ ಮೇಲೆ ಜೋತಾಡುತ್ತಿದೆ. ಯುಪಿಎಸ್ ಇರುವುದರಿಂದ ರೂಟರ್ ಏನೋ ಆನ್ ಇದೆ, ಆದರೆ LOS ದೀಪ ಕೆಂಪಗೆ ಮಿಣುಕುತ್ತಾ ಕೂತಿದೆ, ಅಂದರೆ ಸಿಗ್ನಲ್ಲೇ ಬರುತ್ತಿಲ್ಲ, ಆಫ್ ಮಾಡಿ ಆನ್ ಮಾಡಿದರೆ ಏನೂ ಆಗುವುದಿಲ್ಲ. ಲೈನ್‌ಮನ್ ಕೆಲಸ ಮುಗಿಸಿ ಇಳಿಯುವವರೆಗೆ ಕೇಬಲ್‌ನವರು ಕಂಬ ಹತ್ತುವುದಿಲ್ಲ. ಹಾಗಾಗಿ ಕರೆಂಟ್ ಬಂದ ತಕ್ಷಣ ನೆಟ್ ಬರುತ್ತೆ ಅಂದುಕೊಳ್ಳಬೇಡಿ.

ಹಾಟ್‌ಸ್ಪಾಟ್ ಹಾಕಿ ನೋಡಿದೆ. ಒಂದೇ ಕಡ್ಡಿ, ವಿಪಿಎನ್ ಕನೆಕ್ಟ್ ಆಗುವಷ್ಟರಲ್ಲಿ ಕಟ್. ಕಾಲ್ ಮಾತ್ರ ಚೆನ್ನಾಗಿ ಹೋಗುತ್ತಿದೆ, ಅದೂ ಮಾಳಿಗೆ ಮೆಟ್ಟಿಲ ಮೇಲೆ ಕೂತರೆ. ಅರ್ಜೆಂಟ್ ಇದ್ದರೆ ನೇರ ಫೋನ್ ಮಾಡಿ, ಎತ್ತದಿದ್ದರೆ ಎಸ್‌ಎಂಎಸ್ ಹಾಕಿ. ಚಾರ್ಜ್ ಉಳಿಸಲು ಡೇಟಾ ಆಫ್ ಇಡುತ್ತೇನೆ, ಚಾಟ್ ನೋಡುವುದು 4ಕ್ಕೆ ಒಮ್ಮೆ, 5ಕ್ಕೆ ಒಮ್ಮೆ. ಫೋನ್ 60% ಇದೆ, ಪವರ್‌ಬ್ಯಾಂಕ್ ತುಂಬಿದೆ, ಆ ಚಿಂತೆ ಬೇಡ.

ಸುಮಾ ಮೇಡಂ, 3.30ರ ಕ್ಲೈಂಟ್ ಕಾಲ್‌ಗೆ ನಾನು ಡಯಲ್-ಇನ್ ನಂಬರಿನಿಂದ ಸೇರುತ್ತೇನೆ, ದನಿ ಮಾತ್ರ. ಸ್ಕ್ರೀನ್ ನೀವು ಶೇರ್ ಮಾಡಬೇಕಾಗುತ್ತೆ. ಇನ್‌ವಾಯ್ಸ್ ಶೀಟ್ ನಮ್ಮ ಶೇರ್ಡ್ ಫೋಲ್ಡರಿನಲ್ಲೇ ಇದೆ, ಊಟಕ್ಕೆ ಏಳುವ ಮುಂಚೆ ಹಾಕಿದ್ದು. ಹಳದಿ ಬಣ್ಣದ ಎರಡು ಸಾಲು ಇನ್ನೂ ಪಕ್ಕಾ ಆಗಿಲ್ಲ, ಅವರಾಗಿ ಕೇಳಿದರೆ ಮಾತು ನನಗೆ ಬಿಡಿ, ನಾನು ಹೇಳುತ್ತೇನೆ. ಕೇಳದಿದ್ದರೆ ಸುಮ್ನೆ ಮುಂದಕ್ಕೆ ಹೋಗಿ.

ಪ್ರಶಾಂತ್ ಸರ್, ರಾತ್ರಿಯ ರಿಲೀಸ್ ವಿಷಯ. ರೌಂಡ್-ಆಫ್ ತಿದ್ದಿದ್ದು `fix/invoice-round` ಬ್ರಾಂಚ್‌ನಲ್ಲಿದೆ, ಆದರೆ ಕೊನೆಯ ಕಮಿಟ್ ನನ್ನ ಲ್ಯಾಪ್‌ಟಾಪ್‌ನಲ್ಲೇ ಉಳಿದಿದೆ, ಪುಶ್ ಆಗಿಲ್ಲ. ಈಗ ಅಲ್ಲಿರುವುದನ್ನು ದಯವಿಟ್ಟು ಮರ್ಜ್ ಮಾಡಬೇಡಿ, ಟೆಸ್ಟ್ ಫೇಲ್ ಆಗುತ್ತೆ.

ಲೈನ್‌ಮನ್ ಆರಕ್ಕೆ ಆಗುತ್ತೆ ಅಂದಿದ್ದಾರೆ. ಅವರ ಆರು ನಮ್ಮ ಎಂಟು, ಅದು ಈ ಓಣಿಯವರಿಗೆಲ್ಲ ಗೊತ್ತು. ಅದಕ್ಕೇ 5.15ಕ್ಕೆ ಏನೂ ಸುಳಿವು ಕಾಣದಿದ್ದರೆ ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು, ಜ್ಯುಬಿಲಿ ಸರ್ಕಲ್‌ನಲ್ಲಿ ಚಿಗರಿ ಬಸ್ ಹಿಡಿದು, ಹುಬ್ಬಳ್ಳಿ ವಿದ್ಯಾನಗರದ ಅಕ್ಕನ ಮನೆಗೆ ಹೋಗುತ್ತೇನೆ. ಅಲ್ಲಿ ಕರೆಂಟ್, ನೆಟ್ ಎರಡೂ ಇದೆ, ಈಗಷ್ಟೇ ಕೇಳಿದೆ. ಏಳರ ಹೊತ್ತಿಗೆ ಪುಶ್ ಮಾಡಿ ಪ್ರಶಾಂತ್ ಸರ್‌ಗೆ ಕಾಲ್ ಮಾಡುತ್ತೇನೆ. 7.30 ಆದರೂ ನನ್ನ ಕಾಲ್ ಬರದಿದ್ದರೆ ಈ ತಿದ್ದುಪಡಿ ಬಿಟ್ಟು ರಿಲೀಸ್ ಮಾಡಿಬಿಡಿ, ಅದು ನಾಳೆಯೂ ಹೋಗಬಹುದು.

ಬಸ್ಸಿನಲ್ಲಿ ಗದ್ದಲ ಜಾಸ್ತಿ, ಆಗ ಎಸ್‌ಎಂಎಸ್ಸೇ ವಾಸಿ.