ವಿ ಆಕಾರದ ಮ್ಯಾಕ್ರಮೆ ವಾಲ್ ಹ್ಯಾಂಗಿಂಗ್: ಒಂದು ಪಿಂಟರೆಸ್ಟ್ ಬೋರ್ಡ್, ಹನ್ನೊಂದು ಪಿನ್

ಬೋರ್ಡ್ ಹೆಸರು: ಮ್ಯಾಕ್ರಮೆ ವಾಲ್ ಹ್ಯಾಂಗಿಂಗ್, ಕೈಯಾರೆ ಮಾಡುವ ಗೋಡೆ ಅಲಂಕಾರ

ಬೋರ್ಡ್ ವಿವರಣೆ: ಹತ್ತಿ ದಾರ, ಒಂದು ಮರದ ಕೋಲು, ಮೂರು ಬಗೆಯ ಗಂಟು. ಇಷ್ಟರಲ್ಲೇ ಮುಗಿಯುವ ವಿ ಆಕಾರದ ಮ್ಯಾಕ್ರಮೆ ವಾಲ್ ಹ್ಯಾಂಗಿಂಗ್‌ನ ಎಲ್ಲ ಹಂತಗಳೂ ಇಲ್ಲಿವೆ: ದಾರದ ಅಳತೆ, ಚೌಕ ಗಂಟು, ಓರೆ ಗೆರೆ, ಕುಚ್ಚು ಬಾಚುವುದು, ಬಣ್ಣ ಅದ್ದುವುದು, ಗೋಡೆಗೆ ತೂಗುಹಾಕುವುದು. ಎಲ್ಲ ಪಿನ್‌ಗಳೂ ಒಂದೇ ವಿನ್ಯಾಸದವು. ಹಾಗಾಗಿ ಒಂದರ ಅಳತೆ ಇನ್ನೊಂದಕ್ಕೆ ಹೊಂದುತ್ತದೆ.

ಪಿನ್ 1

ಶೀರ್ಷಿಕೆ: ಮ್ಯಾಕ್ರಮೆ ವಾಲ್ ಹ್ಯಾಂಗಿಂಗ್: ಮೊದಲ ಸಲ ಮಾಡುವವರಿಗೆ ವಿ ಆಕಾರದ ವಿನ್ಯಾಸ

ವಿವರಣೆ: ಖಾಲಿ ಗೋಡೆಗೆ ಕೆನೆಬಣ್ಣದ ಹತ್ತಿ ದಾರದ ಮ್ಯಾಕ್ರಮೆ ವಾಲ್ ಹ್ಯಾಂಗಿಂಗ್. ನೇಯ್ಗೆಯ ಅಗಲ ಸುಮಾರು 25 ಸೆಂ.ಮೀ., ಕುಚ್ಚು ಸೇರಿ ಉದ್ದ 60 ಸೆಂ.ಮೀ. ಮೇಲ್ಸಾಲಿನಲ್ಲಿ 10 ಚೌಕ ಗಂಟು, ಮುಂದಿನದರಲ್ಲಿ 9, ಆಮೇಲೆ 8. ಹೀಗೆ ಇಳಿಯುತ್ತ ತುದಿಯಲ್ಲಿ ಒಂದೇ ಗಂಟು. ಒಟ್ಟು 55. ಅದರ ಕೆಳಗೆ ಎರಡು ಓರೆ ಗೆರೆ, ಆಮೇಲೆ ಬಾಚಿದ ಕುಚ್ಚು. ಮೊದಲ ಸಲವಾದರೆ ನಾಲ್ಕೈದು ಗಂಟೆ ಬೇಕು. ಒಂದೇ ಕೂರಿಕೆಯಲ್ಲಿ ಮುಗಿಸುವ ಹಟ ಬೇಡ, ಕೈ ದಣಿದಾಗ ಗಂಟಿನ ಬಿಗಿ ಬದಲಾಗುತ್ತದೆ.

ಚಿತ್ರದ ಮೇಲಿನ ಬರಹ: 55 ಗಂಟು, ಒಂದು ಕೋಲು

ಆಲ್ಟ್ ಪಠ್ಯ: ಬಿಳಿ ಗೋಡೆಯ ಮೇಲೆ ಮರದ ಕೋಲಿಗೆ ಕಟ್ಟಿದ ಕೆನೆಬಣ್ಣದ ಮ್ಯಾಕ್ರಮೆ ವಾಲ್ ಹ್ಯಾಂಗಿಂಗ್. ಮೇಲೆ ತಲೆಕೆಳಗಾದ ತ್ರಿಕೋನದಂತೆ ಚೌಕ ಗಂಟುಗಳು, ಕೆಳಗೆ ಉದ್ದನೆಯ ಕುಚ್ಚು.

ಪಿನ್ 2

ಶೀರ್ಷಿಕೆ: ಮ್ಯಾಕ್ರಮೆ ದಾರ ಎಷ್ಟು ಉದ್ದ ಕತ್ತರಿಸಬೇಕು? 60 ಸೆಂ.ಮೀ. ವಾಲ್ ಹ್ಯಾಂಗಿಂಗ್‌ನ ಪೂರ್ತಿ ಲೆಕ್ಕ

ವಿವರಣೆ: 4 ಮಿ.ಮೀ. ಹತ್ತಿ ದಾರವನ್ನು 2.6 ಮೀಟರಿನ 20 ತುಂಡುಗಳಾಗಿ ಕತ್ತರಿಸಿ: 52 ಮೀಟರ್. ತೂಗುಹಾಕಲು ಇನ್ನೊಂದು 1 ಮೀಟರ್. ತಪ್ಪಿಗೆ ಅವಕಾಶವಿರಲೆಂದು 60 ಮೀಟರ್ ತಂದಿಟ್ಟುಕೊಳ್ಳಿ. ಕೋಲು 40 ಸೆಂ.ಮೀ. ಉದ್ದ, 2 ಸೆಂ.ಮೀ. ದಪ್ಪ. ಅರ್ಧ ಗಂಟು, ಅರ್ಧ ಕುಚ್ಚು ಇರುವ ಇಂಥ ವಿನ್ಯಾಸಕ್ಕೆ, ಮಡಚುವ ಮೊದಲಿನ ತುಂಡು ಮುಗಿದ ಉದ್ದದ ನಾಲ್ಕರಿಂದ ನಾಲ್ಕೂವರೆ ಪಟ್ಟು ಇರಬೇಕು. ಗಂಟು ಹೆಚ್ಚಿದರೆ ದಾರವೂ ಹೆಚ್ಚು. ಉಳಿದದ್ದನ್ನು ಕತ್ತರಿಸಬಹುದು, ಸಾಲದೆ ಬಂದದ್ದನ್ನು ಅಂದವಾಗಿ ಜೋಡಿಸುವುದು ಕಷ್ಟ. ತುದಿ ಬಿಚ್ಚಿಕೊಳ್ಳದಂತೆ ಕತ್ತರಿಸುವ ಜಾಗಕ್ಕೆ ಮೊದಲೇ ಟೇಪ್ ಸುತ್ತಿ, ಟೇಪಿನ ನಡುವೆಯೇ ಕತ್ತರಿ ಹಾಕಿ.

ಚಿತ್ರದ ಮೇಲಿನ ಬರಹ: 20 ತುಂಡು × 2.6 ಮೀಟರ್

ಪಿನ್ 3

ಶೀರ್ಷಿಕೆ: 3, 4 ಅಥವಾ 5 ಮಿ.ಮೀ.? ವಾಲ್ ಹ್ಯಾಂಗಿಂಗ್‌ಗೆ ಸರಿಯಾದ ಮ್ಯಾಕ್ರಮೆ ದಾರ

ವಿವರಣೆ: ಇದೇ 25 ಸೆಂ.ಮೀ. ಅಗಲಕ್ಕೆ 5 ಮಿ.ಮೀ. ದಾರವಾದರೆ 16 ತುಂಡು, ಒಟ್ಟು 36 ಗಂಟು. 4 ಮಿ.ಮೀ.ಗೆ 20 ತುಂಡು, 55 ಗಂಟು. 3 ಮಿ.ಮೀ.ಗೆ 26 ತುಂಡು, 91 ಗಂಟು. ತೆಳುದಾರ ಅಂದವಾಗಿ ಕಾಣುತ್ತದೆ, ಆದರೆ ಮೊದಲ ಕೆಲಸಕ್ಕೆ 4 ಮಿ.ಮೀ.ಯೇ ವಾಸಿ: ಗಂಟು ಕಣ್ಣಿಗೆ ಸ್ಪಷ್ಟ, ಬಿಚ್ಚುವುದೂ ಸುಲಭ. ಕುಚ್ಚು ಬಾಚಬೇಕೆಂದಿದ್ದರೆ ಒಂದೇ ದಿಕ್ಕಿಗೆ ಹೊಸೆದ ಒಂಟಿ ಎಳೆಯ ದಾರ ಆರಿಸಿ. ಮೂರು ಎಳೆ ಹೊಸೆದ ದಾರವನ್ನು ಮೊದಲು ಎಳೆ ಎಳೆಯಾಗಿ ಬಿಡಿಸಬೇಕಾಗುತ್ತದೆ. ಹೆಣೆದ ದಾರ ಬಾಚಣಿಗೆಗೆ ಬಗ್ಗುವುದೇ ಇಲ್ಲ.

ಆಲ್ಟ್ ಪಠ್ಯ: ಮೂರು ದಪ್ಪದ ಹತ್ತಿ ದಾರಗಳು ಪಕ್ಕಪಕ್ಕದಲ್ಲಿ, ಪ್ರತಿಯೊಂದರ ಕೆಳಗೆ ಅದೇ ದಾರದಲ್ಲಿ ಹಾಕಿದ ಒಂದು ಚೌಕ ಗಂಟು.

ಪಿನ್ 4

ಶೀರ್ಷಿಕೆ: ಮ್ಯಾಕ್ರಮೆ ದಾರವನ್ನು ಕೋಲಿಗೆ ಕಟ್ಟುವ ಲಾರ್ಕ್ಸ್ ಹೆಡ್ ಗಂಟು

ವಿವರಣೆ: ದಾರವನ್ನು ನಡುವೆ ಮಡಚಿ, ಮಡಿಕೆಯನ್ನು ಕೋಲಿನ ಮೇಲಿಂದ ಹಿಂದಕ್ಕೆ ಇಳಿಸಿ, ಎರಡೂ ತುದಿಗಳನ್ನು ಅದರೊಳಗೆ ತೂರಿಸಿ ಎಳೆಯಿರಿ. 20 ತುಂಡಿಗೂ ಮಡಿಕೆ ಒಂದೇ ಬದಿಗೆ ಬೀಳಬೇಕು. ಒಂದು ತಿರುಗಿದರೂ ಆ ಸಾಲಿನಲ್ಲಿ ಅದೊಂದೇ ಎದ್ದು ಕಾಣುತ್ತದೆ. ಕಟ್ಟಿದ ಮೇಲೆ ಎಣಿಸಿ: 40 ಎಳೆ.

ಪಿನ್ 5

ಶೀರ್ಷಿಕೆ: ಮ್ಯಾಕ್ರಮೆ ಚೌಕ ಗಂಟು ಹಾಕುವ ವಿಧಾನ: ತಿರುಚಿಕೊಳ್ಳದ ಸ್ಕ್ವೇರ್ ನಾಟ್

ವಿವರಣೆ: ನಾಲ್ಕು ಎಳೆ ತೆಗೆದುಕೊಳ್ಳಿ. ನಡುವಿನ ಎರಡು ಸುಮ್ಮನಿರುತ್ತವೆ, ಕೆಲಸವೆಲ್ಲ ಅಂಚಿನ ಎರಡರದು. ಎಡದ ಎಳೆ ನಡುವಿನವುಗಳ ಮೇಲಿಂದ ಹೋಗಿ ಬಲದ ಎಳೆಯ ಕೆಳಗೆ ನಿಲ್ಲಲಿ. ಬಲದ ಎಳೆ ನಡುವಿನವುಗಳ ಹಿಂದಿನಿಂದ ಬಂದು ಎಡದ ಕುಣಿಕೆಯೊಳಗಿಂದ ಮೇಲೆ ಬರಲಿ. ಎಳೆಯಿರಿ, ಅರ್ಧ ಗಂಟಾಯಿತು. ಉಳಿದರ್ಧವನ್ನು ಬಲದಿಂದ ಶುರುಮಾಡಿ. ಎರಡು ಸಲವೂ ಎಡದಿಂದಲೇ ಹಾಕಿದರೆ ಗಂಟು ಸುರುಳಿ ಸುತ್ತುತ್ತದೆ. ಗಂಟಿನ ಪಕ್ಕದಲ್ಲಿ ನಿಂತ ಉಬ್ಬು ಎಡಕ್ಕಿದ್ದರೆ ನೀವು ಎಡದಿಂದ ಶುರುಮಾಡಿದ್ದೀರಿ ಎಂದರ್ಥ. ಎಲ್ಲ 55 ಗಂಟುಗಳಲ್ಲೂ ಅದು ಒಂದೇ ಬದಿಗಿರಲಿ.

ಚಿತ್ರದ ಮೇಲಿನ ಬರಹ: ಎಡದಿಂದ ಒಮ್ಮೆ, ಬಲದಿಂದ ಒಮ್ಮೆ

ಆಲ್ಟ್ ಪಠ್ಯ: ನಾಲ್ಕು ಎಳೆ ದಾರದಲ್ಲಿ ಚೌಕ ಗಂಟಿನ ಎರಡು ಹಂತಗಳು. ಕೆಲಸದ ಎಳೆಗಳು ಕಂದು ಬಣ್ಣದಲ್ಲಿ, ನಡುವಿನ ಎಳೆಗಳು ಬಿಳಿ ಬಣ್ಣದಲ್ಲಿ.

ಪಿನ್ 6

ಶೀರ್ಷಿಕೆ: ವಿ ಆಕಾರದ ಮ್ಯಾಕ್ರಮೆ ವಿನ್ಯಾಸ: ಸಾಲು ಸಾಲಿಗೆ ಎರಡು ಎಳೆ ಬಿಡುವ ಲೆಕ್ಕ

ವಿವರಣೆ: ಮೊದಲ ಸಾಲಿನಲ್ಲಿ ನಾಲ್ಕು ನಾಲ್ಕು ಎಳೆಗೆ ಒಂದರಂತೆ 10 ಗಂಟು. ಎರಡನೆಯದರಲ್ಲಿ ಎರಡೂ ಅಂಚಿನ ಎರಡೆರಡು ಎಳೆ ಬಿಟ್ಟು 9. ಮೂರನೆಯದರಲ್ಲಿ ನಾಲ್ಕು ನಾಲ್ಕು ಬಿಟ್ಟು 8. ಹತ್ತನೆಯ ಸಾಲಿಗೆ ಬರುವಾಗ ಒಂದೊಂದು ಅಂಚಿನಲ್ಲೂ 18 ಎಳೆ ಉಳಿದು ನಡುವೆ ಒಂದೇ ಗಂಟು ಬೀಳುತ್ತದೆ. ಸಾಲುಗಳ ನಡುವೆ 1 ಸೆಂ.ಮೀ. ಅಂತರ ಇರಲಿ. ಕಣ್ಣಳತೆ ನಂಬಬೇಡಿ, 1 ಸೆಂ.ಮೀ. ಅಗಲದ ರಟ್ಟಿನ ಪಟ್ಟಿಯನ್ನು ಎಳೆಗಳ ಹಿಂದೆ ಇಟ್ಟು ಅದರ ಕೆಳ ಅಂಚಿಗೆ ಗಂಟು ತಾಗಿಸಿ. ಅಂಚು ಒಳಕ್ಕೆ ಸೆಳೆದುಕೊಂಡರೆ ಬಿಗಿ ಜಾಸ್ತಿಯಾಗಿದೆ. ಆ ಸಾಲನ್ನು ಬಿಚ್ಚಿ ಮತ್ತೆ ಹಾಕುವುದೇ ದಾರಿ, ಮುಂದಿನ ಸಾಲು ಅದನ್ನು ಸರಿಪಡಿಸುವುದಿಲ್ಲ.

ಪಿನ್ 7

ಶೀರ್ಷಿಕೆ: ಮ್ಯಾಕ್ರಮೆ ಓರೆ ಗೆರೆ: ಡಬಲ್ ಹಾಫ್ ಹಿಚ್ ಸೊಟ್ಟಗಾಗುವುದು ಏಕೆ?

ವಿವರಣೆ: ತ್ರಿಕೋನದ ಅಂಚಿಗೆ ಗೆರೆ ಎಳೆದಂತೆ ಕಾಣುವ ಗಂಟು ಇದು. ಎಡ ತುದಿಯ ಎಳೆಯನ್ನು ನಡುವಿನತ್ತ ಓರೆಯಾಗಿ ಹಿಡಿಯಿರಿ, ಇದೇ ಹಿಡಿ ಎಳೆ. ಎಡ ಅರ್ಧದಲ್ಲಿ ಉಳಿದ 19 ಎಳೆಗಳಲ್ಲಿ ಒಂದೊಂದೂ ಅದಕ್ಕೆ ಎರಡೆರಡು ಸುತ್ತು ಬರಬೇಕು. ಬಲದಿಂದಲೂ ಹಾಗೆಯೇ. ನಡುವೆ ಎರಡು ಹಿಡಿ ಎಳೆಗಳು ಸೇರಿದಾಗ ಒಂದನ್ನು ಇನ್ನೊಂದಕ್ಕೆ ಎರಡು ಸುತ್ತು ಸುತ್ತಿ ಬಿಗಿಯಿರಿ. ಗೆರೆ ಅಲೆಯಂತಾದರೆ ಹಿಡಿ ಎಳೆ ಸಡಿಲಾಗಿತ್ತು. ಅದರ ತುದಿಯನ್ನು ಪಿನ್ನಿನಿಂದ ಬೋರ್ಡಿಗೆ ಚುಚ್ಚಿ ಬಿಗಿಯಾಗಿಟ್ಟುಕೊಳ್ಳಿ. ಗಂಟಿನ ಬದಲು ಹಿಡಿ ಎಳೆಯೇ ಸುತ್ತಿಕೊಂಡಂತೆ ಕಂಡರೆ ಎಳೆದದ್ದು ತಪ್ಪು ಎಳೆಯನ್ನು. ಎರಡು ಸೆಂ.ಮೀ. ಕೆಳಗೆ ಇಂಥದೇ ಇನ್ನೊಂದು ಗೆರೆ ಹಾಕಿದರೆ ವಿ ಆಕಾರ ದೂರದಿಂದಲೂ ಕಾಣುತ್ತದೆ.

ಚಿತ್ರದ ಮೇಲಿನ ಬರಹ: ಹಿಡಿ ಎಳೆ ಬಿಗಿ, ಗೆರೆ ನೇರ

ಆಲ್ಟ್ ಪಠ್ಯ: ಮ್ಯಾಕ್ರಮೆಯಲ್ಲಿ ಎರಡು ಓರೆ ಗೆರೆಗಳು ನಡುವೆ ಸೇರುತ್ತಿರುವ ಹತ್ತಿರದ ಚಿತ್ರ. ಎಡಗಡೆಯ ಗೆರೆ ನೇರ, ಬಲಗಡೆಯದು ಅಲೆಯಂತೆ ಬಾಗಿದೆ.

ಪಿನ್ 8

ಶೀರ್ಷಿಕೆ: ಮ್ಯಾಕ್ರಮೆ ಕುಚ್ಚು ಬಾಚಿ ನೇರವಾಗಿ ಕತ್ತರಿಸುವ ಕ್ರಮ

ವಿವರಣೆ: ಮೊದಲು ಬಾಚುವುದು, ಆಮೇಲೆ ಕತ್ತರಿಸುವುದು. ತಿರುಗಾಮುರುಗಾ ಮಾಡಿದರೆ ಅಂಚು ಹಲ್ಲುಹಲ್ಲಾಗುತ್ತದೆ, ಏಕೆಂದರೆ ಹೊಸೆತ ಬಿಚ್ಚಿದಾಗ ಎಳೆಯ ಉದ್ದ ಬದಲಾಗುತ್ತದೆ. ತುದಿಯಿಂದ ಶುರುಮಾಡಿ ಸ್ವಲ್ಪ ಸ್ವಲ್ಪವಾಗಿ ಮೇಲಕ್ಕೆ ಬನ್ನಿ. ಮೇಲಿಂದ ಎಳೆದರೆ ಸಿಕ್ಕುಬೀಳುತ್ತದೆ, ನಾರೂ ಉದುರುತ್ತದೆ. ನೀರು ಚಿಮುಕಿಸಿ, ಅಥವಾ ಹಬೆ ಇಸ್ತ್ರಿಯನ್ನು ಮೂರು ನಾಲ್ಕು ಸೆಂ.ಮೀ. ದೂರ ಹಿಡಿದು ಸುಕ್ಕು ಬಿಡಿಸಿ. ಒಣಗಿದ ಮೇಲೆ ಬೇಕಾದ ಎತ್ತರದಲ್ಲಿ ಅಡ್ಡಕ್ಕೆ ಟೇಪ್ ಅಂಟಿಸಿ, ಅದರ ಕೆಳ ಅಂಚಿನಗುಂಟ ಹರಿತವಾದ ಕತ್ತರಿಯಿಂದ ಕತ್ತರಿಸಿ. ಮೊದಲ ಸಲ ಒಂದು ಸೆಂ.ಮೀ. ಹೆಚ್ಚೇ ಉಳಿಸಿಕೊಳ್ಳಿ.

ಆಲ್ಟ್ ಪಠ್ಯ: ಬಾಚಿದ ಹತ್ತಿ ಕುಚ್ಚಿನ ಮೇಲೆ ಅಡ್ಡಕ್ಕೆ ಅಂಟಿಸಿದ ಟೇಪ್, ಕೆಳಗೆ ತೆರೆದ ಕತ್ತರಿ.

ಪಿನ್ 9

ಶೀರ್ಷಿಕೆ: ಎರಡು ಬಣ್ಣದ ಮ್ಯಾಕ್ರಮೆ: ಕುಚ್ಚಿಗೆ ಬಣ್ಣ ಅದ್ದುವ ಡಿಪ್ ಡೈ ಐಡಿಯಾ

ವಿವರಣೆ: ಕುಚ್ಚಿನ ಕೆಳಗಿನ 12 ಸೆಂ.ಮೀ. ಮಾತ್ರ ಬಣ್ಣ, ಮೇಲೆಲ್ಲ ಕೆನೆ. ಬಣ್ಣ ಮೆಲ್ಲಗೆ ಕರಗಿದಂತೆ ಕಾಣಬೇಕಿದ್ದರೆ ಕುಚ್ಚನ್ನು ಮೊದಲು ನೀರಿನಲ್ಲಿ ಅದ್ದಿ ಹಿಂಡಿಕೊಳ್ಳಿ. ಹತ್ತಿ ನೀರನ್ನು ತಾನೇ ಮೇಲಕ್ಕೆ ಎಳೆದುಕೊಳ್ಳುವುದರಿಂದ ಗುರುತಿಗಿಂತ ಎರಡು ಮೂರು ಸೆಂ.ಮೀ. ಕಡಿಮೆ ಅದ್ದಬೇಕು. ಒಣಗಿಸುವಾಗ ಕುಚ್ಚು ಕೆಳಮುಖವಾಗಿ ತೂಗಲಿ, ಮಡಚಿಟ್ಟರೆ ಬಣ್ಣ ಗಂಟಿನತ್ತ ಹರಿಯುತ್ತದೆ. ತೊಟ್ಟಿಕ್ಕುವ ನೀರು ಬಣ್ಣ ಬಿಡುವುದು ನಿಲ್ಲುವ ತನಕ ಜಾಲಾಡಿ. ಇಲ್ಲದಿದ್ದರೆ ಗೋಡೆಗೂ ಬಣ್ಣ ಬಂದೀತು.

ಪಿನ್ 10

ಶೀರ್ಷಿಕೆ: ಚಿಕ್ಕ ಗೋಡೆಗೆ ವಾಲ್ ಹ್ಯಾಂಗಿಂಗ್: ಎಲ್ಲಿ, ಎಷ್ಟು ಎತ್ತರಕ್ಕೆ ತೂಗುಹಾಕಬೇಕು

ವಿವರಣೆ: 40 ಸೆಂ.ಮೀ. ಕೋಲಿನ ಮ್ಯಾಕ್ರಮೆ ಮೂರು ಜನ ಕೂರುವ ಸೋಫಾದ ಮೇಲೆ ಒಂಟಿಯಾಗಿ ಚಿಕ್ಕದಾಗುತ್ತದೆ. ಬಾಗಿಲ ಪಕ್ಕದ ಕಿರಿದಾದ ಗೋಡೆ, ಓದುವ ಮೂಲೆ, ಪುಟ್ಟ ಮೇಜಿನ ಮೇಲ್ಭಾಗ ಇದಕ್ಕೆ ಸರಿಯಾದ ಜಾಗ. ನಡುಭಾಗ ನೆಲದಿಂದ 145ರಿಂದ 150 ಸೆಂ.ಮೀ. ಎತ್ತರದಲ್ಲಿರಲಿ. ಮುಗಿದ ಮೇಲೆ ತೂಕ ಅರ್ಧ ಕಿಲೋ ಆಸುಪಾಸು. ನಯವಾದ ಗೋಡೆಗೆ ಒಂದು ಕಿಲೋ ತಾಳುವ ಅಂಟು ಹುಕ್ಕು ಸಾಕು, ಒರಟು ಗೋಡೆಗೂ ಹೊಸದಾಗಿ ಬಣ್ಣ ಬಳಿದ ಗೋಡೆಗೂ ಮೊಳೆಯೇ ಆಗಬೇಕು. ಕೋಲು ಒಂದು ಕಡೆ ವಾಲಿದರೆ ಗಂಟುಗಳನ್ನು ಬಿಚ್ಚಬೇಕಿಲ್ಲ, ತೂಗುದಾರವನ್ನು ಹುಕ್ಕಿನ ಮೇಲೆ ಅತ್ತಿತ್ತ ಸರಿಸಿ ನೋಡಿ.

ಚಿತ್ರದ ಮೇಲಿನ ಬರಹ: ನಡುಭಾಗ 145–150 ಸೆಂ.ಮೀ.

ಆಲ್ಟ್ ಪಠ್ಯ: ಬಾಗಿಲ ಪಕ್ಕದ ಕಿರಿದಾದ ಗೋಡೆಯಲ್ಲಿ ಮ್ಯಾಕ್ರಮೆ ವಾಲ್ ಹ್ಯಾಂಗಿಂಗ್, ಕೆಳಗೆ ಪುಟ್ಟ ಮೇಜು, ಅದರ ಮೇಲೆ ಹಸಿರು ಗಿಡದ ಕುಂಡ.

ಪಿನ್ 11

ಶೀರ್ಷಿಕೆ: ಮ್ಯಾಕ್ರಮೆ ವಾಲ್ ಹ್ಯಾಂಗಿಂಗ್ ಧೂಳು ತೆಗೆಯುವುದು ಹೇಗೆ, ತೊಳೆಯದೆ

ವಿವರಣೆ: ಹೇರ್ ಡ್ರೈಯರನ್ನು ತಣ್ಣನೆ ಗಾಳಿಗಿಟ್ಟು ಮೇಲಿಂದ ಕೆಳಕ್ಕೆ ಊದಿ, ಆಮೇಲೆ ಕುಚ್ಚನ್ನು ಅಗಲ ಹಲ್ಲಿನ ಬಾಚಣಿಗೆಯಿಂದ ಸವರಿ. ಕಲೆಯಾದರೆ ಒದ್ದೆ ಬಟ್ಟೆಯಿಂದ ಒತ್ತಿ ತೆಗೆಯಿರಿ, ಉಜ್ಜಬೇಡಿ. ಬಕೆಟ್ಟಿನಲ್ಲಿ ನೆನೆಸಿದರೆ ಬಾಚಿದ ಕುಚ್ಚು ಮುದ್ದೆಯಾಗುತ್ತದೆ. ಬಣ್ಣ ಅದ್ದಿದ ತುಂಡಿಗೆ ನೇರ ಬಿಸಿಲು ಬೀಳದ ಗೋಡೆ ನೋಡಿ.