ವರ್ನಿಯರ್ ಕ್ಯಾಲಿಬ್ರೇಶನ್ ಸರ್ಟಿಫಿಕೇಟ್, ಶಾಪ್‌ಫ್ಲೋರ್‌ಗೆ ಕನ್ನಡದಲ್ಲಿ

ಐಟಂ: ಡಿಜಿಟಲ್ ವರ್ನಿಯರ್, 0–150 ಮಿ.ಮೀ., ಲೀಸ್ಟ್ ಕೌಂಟ್ 0.01. ಲ್ಯಾಬ್ ಟೆಂಪರೇಚರ್ 20 ± 1 °C.

ರೆಫರೆನ್ಸ್ ಸ್ಟ್ಯಾಂಡರ್ಡ್: ಗ್ರೇಡ್ 0 ಗೇಜ್ ಬ್ಲಾಕ್ ಸೆಟ್. ಈ ಬ್ಲಾಕ್‌ಗಳನ್ನೂ ಇನ್ನೂ ಮೇಲಿನ ಸ್ಟ್ಯಾಂಡರ್ಡ್ ಜೊತೆ ಕ್ಯಾಲಿಬ್ರೇಟ್ ಮಾಡಿರ್ತಾರೆ, ಹಂಗೇ ಎಲ್ಲೂ ಕಡಿದು ಹೋಗ್ದೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ತನಕ ಟ್ರೇಸಬಿಲಿಟಿ ಇದೆ.

ರೀಡಿಂಗ್: 50.00 ಬ್ಲಾಕ್‌ಗೆ 50.01, 100.00 ಬ್ಲಾಕ್‌ಗೆ 100.02 ತೋರಿಸ್ತು, ಅಂದ್ರೆ ಎರರ್ +0.01, +0.02.

ಅನ್‌ಸರ್ಟನಿಟಿ: ±0.015 ಮಿ.ಮೀ., k = 2, ಸುಮಾರು 95% ಕಾನ್ಫಿಡೆನ್ಸ್. (ಇದು ವರ್ನಿಯರ್ ತಪ್ಪಲ್ಲ ಕಣ್ರೀ, 100ರಲ್ಲಿ ನಿಜವಾದ ಎರರ್ +0.005ರಿಂದ +0.035 ಒಳಗೆ ಎಲ್ಲಾದ್ರೂ ಇರ್ಬೋದು ಅಂತ ಅಷ್ಟೇ.)

ಈ ರಿಸಲ್ಟ್ ಇದೊಂದೇ ವರ್ನಿಯರ್‌ಗೆ, ಚೆಕ್ ಮಾಡಿದ ಹೊತ್ತಿಗೆ ಮಾತ್ರ. ಪಾಸ್-ಫೇಲ್ ಬರ್ದಿಲ್ಲ, ಅದನ್ನ ನಾವೇ ನೋಡ್ಕೋಬೇಕು. ಲ್ಯಾಬ್ ಒಪ್ಪಿಗೆ ಇಲ್ದೆ ಅರ್ಧಂಬರ್ಧ ಜೆರಾಕ್ಸ್ ಮಾಡಂಗಿಲ್ಲ.