ಬ್ಯಾಟರಿ ವಿಡಿಯೊ: ತಿದ್ದಿದ ಸ್ಕ್ರಿಪ್ಟ್, ಎರಡನೇ ಪ್ರತಿ

ಮೇಡಂ, ಫೋನ್ ಬ್ಯಾಟರಿ ವಿಡಿಯೊದ ಮೊದಲ ಸ್ಕ್ರಿಪ್ಟ್ ‘ಓದಿ ಒಪ್ಪಿಸಿದ ಹಾಗೆ ಕೇಳಿಸುತ್ತೆ’ ಅಂದಿರಿ. ಹಳೇ ಪ್ರತಿಯ ಮೊದಲ ಸಾಲಿನಲ್ಲೇ ಕಾರಣ ಇದೆ:

“ಸ್ಮಾರ್ಟ್‌ಫೋನ್‌ಗಳಲ್ಲಿ ಬಳಸಲಾಗುವ ಲಿಥಿಯಂ-ಅಯಾನ್ ಬ್ಯಾಟರಿಗಳ ಕಾರ್ಯಕ್ಷಮತೆಯು ಕಾಲಕ್ರಮೇಣ ಕ್ಷೀಣಿಸುವುದನ್ನು ಬಳಕೆದಾರರು ಗಮನಿಸಿರಬಹುದಾಗಿದೆ.”

ಕ್ರಿಯಾಪದ ಸಿಗುವಷ್ಟರಲ್ಲಿ ಉಸಿರು ಮುಗಿದಿರುತ್ತೆ. ಈಗ ಒಂದು ವಾಕ್ಯಕ್ಕೆ ಒಂದೇ ವಿಷಯ. ‘ಬಳಕೆದಾರರು’ ಹೋಗಿ ‘ನೀವು’ ಬಂದಿದೆ, ‘ಲಾಗುವ’, ‘ಬಹುದಾಗಿದೆ’ ಎಲ್ಲ ತೆಗೆದಿದ್ದೇನೆ. ಪದಗಳನ್ನು ನೀವು ಆಡುವ ಹಾಗೇ ಬರೆದಿದ್ದೇನೆ. ‘ಹಾಕುತ್ತೀರಿ’ ಅಂತ ಬರೆದರೆ ಕಣ್ಣು ಅದನ್ನೇ ಓದಿಬಿಡುತ್ತೆ. ಒಂದು ಗೆರೆ ( / ) ಅಂದ್ರೆ ಸಣ್ಣ ಉಸಿರು, ಎರಡು ( // ) ಅಂದ್ರೆ ಪೂರ್ತಿ ನಿಲ್ಲಿ.

ಸ್ಕ್ರಿಪ್ಟ್

ಫೋನ್ ತಗೊಂಡಾಗ ರಾತ್ರಿವರೆಗೂ ಚಾರ್ಜ್ ಬರ್ತಿತ್ತು. / ಈಗ ಮಧ್ಯಾಹ್ನಕ್ಕೇ ಚಾರ್ಜರ್ ಹುಡುಕ್ತೀರಿ. / ಅಲ್ವಾ? //

ಫೋನ್ ಕೆಟ್ಟಿಲ್ಲ, / ಬ್ಯಾಟರಿಗೆ ವಯಸ್ಸಾಗ್ತಿದೆ. / ಅದನ್ನ ಪೂರ್ತಿ ತಡೆಯೋಕಾಗಲ್ಲ. / ನಿಧಾನ ಮಾಡಬಹುದು. //

ಮೊದಲನೇದು, ಬಿಸಿ. / ಬ್ಯಾಟರಿಗೆ ಇದಕ್ಕಿಂತ ದೊಡ್ಡ ಶತ್ರು ಇಲ್ಲ. / ಬಿಸಿಲಲ್ಲಿ ನಿಂತ ಕಾರ್‌ನೊಳಗೆ ಫೋನ್ ಬಿಡಬೇಡಿ. / ದಿಂಬಿನ ಕೆಳಗೆ ಇಟ್ಟು ಚಾರ್ಜ್ ಮಾಡೋದಂತೂ ಬೇಡವೇ ಬೇಡ, / ಶಾಖ ಹೊರಗೆ ಹೋಗೋಕೆ ದಾರಿನೇ ಇರಲ್ಲ. / ಚಾರ್ಜ್ ಹಾಕಿಕೊಂಡೇ ಗೇಮ್ ಆಡ್ತೀರಾ? / ಆಗ ಚಾರ್ಜಿಂಗ್ ಶಾಖದ ಜೊತೆ ಗೇಮ್‌ನ ಶಾಖನೂ ಸೇರುತ್ತೆ. //

ಎರಡನೇದು, ನೂರು ಪರ್ಸೆಂಟ್. / ಪೂರ್ತಿ ತುಂಬಿದಾಗ ಬ್ಯಾಟರಿಯೊಳಗೆ ವೋಲ್ಟೇಜ್ ಮೇಲಿರುತ್ತೆ. / ಅದೇ ಸ್ಥಿತಿಲಿ ಗಂಟೆಗಟ್ಟಲೆ ಇದ್ರೆ ಒಳಗಿನ ರಾಸಾಯನಿಕ ಬೇಗ ಸವೆಯುತ್ತೆ. / ಆದಷ್ಟು 20ರಿಂದ 80ರ ಮಧ್ಯೆ ಇಟ್ಕೊಳ್ಳಿ. / ಊರಿಗೆ ಹೊರಟಿದ್ದೀರಾ? ನೂರು ಮಾಡ್ಕೊಳ್ಳಿ, ಪರವಾಗಿಲ್ಲ. / ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಅಂತ ಇರುತ್ತಲ್ಲ, / ತುಂಬಾ ಫೋನ್‌ಗಳಲ್ಲಿ 80ಕ್ಕೆ ನಿಲ್ಲಿಸೋ ಆಯ್ಕೆ ಅಲ್ಲೇ ಸಿಗುತ್ತೆ. //

ಇನ್ನೊಂದು ನಂಬಿಕೆ ಇದೆ, / ಪೂರ್ತಿ ಖಾಲಿ ಮಾಡಿನೇ ಚಾರ್ಜ್ ಹಾಕಬೇಕು ಅಂತ. / ಅದು ಹಳೇ ನಿಕ್ಕಲ್ ಬ್ಯಾಟರಿ ಕಾಲದ ಮಾತು. / ಈಗಿನವಕ್ಕೆ ಸೊನ್ನೆಗೆ ಇಳಿಸೋದೇ ತೊಂದರೆ. //

ಫೋನಿನ ಹಿಂಭಾಗ ಉಬ್ಬಿದೆಯಾ? // ಚಾರ್ಜ್ ಹಾಕಬೇಡಿ. // ಒತ್ತಬೇಡಿ, ಚುಚ್ಚಬೇಡಿ. // ಸ್ವಿಚ್ ಆಫ್ ಮಾಡಿ ಸರ್ವಿಸ್ ಸೆಂಟರ್‌ಗೆ ಕೊಡಿ. / ಬ್ಯಾಟರಿನ ಕಸದ ಬುಟ್ಟಿಗೆ ಹಾಕಬೇಡಿ. //

ಇವತ್ತು ರಾತ್ರಿ ಚಾರ್ಜ್ ಹಾಕೋ ಮುಂಚೆ / ಕವರ್ ತೆಗೆದು, ಗಟ್ಟಿ ಮೇಜಿನ ಮೇಲಿಡಿ. / ಅಷ್ಟು ಮಾಡಿ ನೋಡಿ.

ಶೂಟ್‌ಗೆ ಮುಂಚೆ

ಉಬ್ಬಿದ ಬ್ಯಾಟರಿಯ ಭಾಗ ಮಾತ್ರ ಬೇಕಂತಲೇ ಬಿಗಿಯಾಗಿದೆ, ಅಲ್ಲಿ ನಗು ಬೇಡ. ಉಳಿದ ಕಡೆ ಒಮ್ಮೆ ಜೋರಾಗಿ ಓದಿ, ನಾಲಿಗೆ ತೊಡರಿದ ಪದವನ್ನು ನಿಮ್ಮದೇ ಪದಕ್ಕೆ ಬದಲಿಸಿಕೊಳ್ಳಿ. ಸಾಲಿಗೊಂದು ‘ನೋಡಿ’, ‘ಗೊತ್ತಾ’ ಸೇರಿಸಿದರೆ ಮತ್ತೆ ನಾಟಕ ಅನಿಸುತ್ತೆ, ಇರುವಷ್ಟು ಸಾಕು. 20, 80 ಈ ಅಂಕಿಗಳನ್ನು ಮುಟ್ಟಬೇಡಿ, ಪರದೆ ಮೇಲಿನ ಗ್ರಾಫಿಕ್ಸ್ ಅವಕ್ಕೇ ಹೊಂದಿಸಿದೆ.